ಲಿವರ್ ಎಲಾಸ್ಟೋಗ್ರಫಿ ರಿಪೋರ್ಟ್: 'ಗ್ರೇಡ್ 2' ಬೇರೆ, 'ಎಫ್2' ಬೇರೆ (ಪದೇ ಪದೇ ಕೇಳುವ ಪ್ರಶ್ನೆಗಳು)

ನಾನು ಲಿವರ್ ಎಲಾಸ್ಟೋಗ್ರಫಿ ಮಾಡುವ ಕೋಣೆಯಲ್ಲಿ ಕೆಲಸ ಮಾಡುತ್ತೇನೆ. ಬಹಳ ಜನ ಇದನ್ನು ಫೈಬ್ರೋಸ್ಕ್ಯಾನ್ ಅಂತಲೇ ಕರೆಯುತ್ತಾರೆ, ಅದು ಆ ಯಂತ್ರದ ಹೆಸರು. ರಿಪೋರ್ಟ್ ಕೈಗೆ ಬಂದ ಕೂಡಲೇ ಜನ ಬಾಗಿಲಲ್ಲೇ ನಿಂತು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಇದನ್ನು ಓದಿ ನಿಮ್ಮ ಡಾಕ್ಟರ್ ಹತ್ತಿರ ಹೋಗಿ, ಡಾಕ್ಟರ್ ಬದಲಿಗೆ ಇದನ್ನು ಓದಬೇಡಿ.

ಅಲ್ಟ್ರಾಸೌಂಡ್‌ನಲ್ಲಿ 'ಗ್ರೇಡ್ 2 ಫ್ಯಾಟಿ ಲಿವರ್' ಅಂತ ಬಂದಿತ್ತು. ಈಗ ಎಲಾಸ್ಟೋಗ್ರಫಿಯಲ್ಲಿ 'ಎಫ್0–ಎಫ್1' ಅಂತಿದೆ. ಯಾವುದು ಸುಳ್ಳು?

ಎರಡೂ ನಿಜ. ಅವು ಎರಡು ಬೇರೆ ಬೇರೆ ವಿಷಯಗಳನ್ನು ಹೇಳುತ್ತಿವೆ, ಅಷ್ಟೇ. ಅಲ್ಟ್ರಾಸೌಂಡ್‌ನ ಗ್ರೇಡ್ ಲಿವರ್‌ನಲ್ಲಿ ಕೊಬ್ಬು ಎಷ್ಟಿರಬಹುದು ಅನ್ನೋದರ ಅಂದಾಜು. ಎಲಾಸ್ಟೋಗ್ರಫಿಯ 'ಎಫ್' ಲಿವರ್ ಒಳಗೆ ಗಾಯದ ಕಲೆ ಎಷ್ಟು ಕಟ್ಟಿಕೊಂಡಿರಬಹುದು ಅನ್ನೋದರ ಅಂದಾಜು. ಆ ಕಲೆಗೇ ಫೈಬ್ರೋಸಿಸ್ ಅಂತಾರೆ.

ಕೊಬ್ಬು ತುಂಬ ಇದ್ದೂ ಕಲೆ ಏನೇನೂ ಇಲ್ಲದವರಿದ್ದಾರೆ. ಇದರ ಉಲ್ಟಾ ಕೂಡ ಇದೆ, ಅದು ಇನ್ನೂ ಮುಖ್ಯ: ಅಲ್ಟ್ರಾಸೌಂಡ್‌ನಲ್ಲಿ ಬರೀ ಗ್ರೇಡ್ 1 ಅಂತ ಬಂದು, ಎಲಾಸ್ಟೋಗ್ರಫಿಯಲ್ಲಿ ಎಫ್3 ಬರುವವರು. 'ಗ್ರೇಡ್ 1 ಅಂದ್ರೆ ಏನೂ ಇಲ್ಲ ಬಿಡಿ' ಅಂದುಕೊಂಡು ವರ್ಷಗಟ್ಟಲೆ ಕೂತವರನ್ನು ನಾನು ನೋಡಿದ್ದೇನೆ. ಅವರಿಗೆ ಯಾರೂ ಸುಳ್ಳು ಹೇಳಿರಲಿಲ್ಲ, ಕೊಬ್ಬು ನಿಜಕ್ಕೂ ಕಮ್ಮಿಯೇ ಇತ್ತು. ಕಲೆಯ ಬಗ್ಗೆ ಆ ರಿಪೋರ್ಟ್ ಏನನ್ನೂ ಹೇಳಿರಲಿಲ್ಲ, ಅಷ್ಟೇ.

ಮುಂದಿನ ವರ್ಷಗಳಲ್ಲಿ ಲಿವರ್‌ಗೆ ಏನಾಗುತ್ತದೆ ಅನ್ನೋದನ್ನು ಕೊಬ್ಬಿಗಿಂತ ಜಾಸ್ತಿ ಹೇಳೋದು ಈ ಕಲೆ. ಅದಕ್ಕೇ 'ಗ್ರೇಡ್ 2' ಮತ್ತು 'ಎಫ್2' ಎರಡನ್ನೂ ಒಂದೇ ಅಂದುಕೊಳ್ಳುವುದು ದೊಡ್ಡ ತಪ್ಪು. ಗ್ರೇಡ್ 2 ಬಹಳ ಜನರಲ್ಲಿ ಕಾಣುತ್ತದೆ. ಎಫ್2 ಅಂದರೆ ಕಲೆ ಗಣನೀಯವಾಗಿದೆ, ಇನ್ನು ಸುಮ್ನೆ ಬಿಡಬಾರದು ಅಂತ.

ಹಾಗಾದರೆ ಸಾದಾ ಅಲ್ಟ್ರಾಸೌಂಡ್ ನಿಜವಾಗಿ ಏನು ನೋಡುತ್ತೆ?

ಬೆಳಕು ಮತ್ತು ಆಕಾರ. ಪ್ರೋಬ್‌ನಿಂದ ಶಬ್ದದ ಅಲೆ ಒಳಗೆ ಹೋಗುತ್ತದೆ, ತಾಗಿದ ಕಡೆಯಿಂದ ಸ್ವಲ್ಪ ವಾಪಸ್ ಬರುತ್ತದೆ, ಹಾಗೆ ಬಂದದ್ದು ಪರದೆ ಮೇಲೆ ಬೂದು ಬಣ್ಣದ ಚಿತ್ರವಾಗುತ್ತದೆ. ಕೊಬ್ಬಿನ ಹನಿಗಳು ಶಬ್ದವನ್ನು ಚೆದುರಿಸುತ್ತವೆ. ಹಾಗಾಗಿ ಫ್ಯಾಟಿ ಲಿವರ್ ಬೆಳ್ಳಗೆ ಕಾಣುತ್ತದೆ, ಪಕ್ಕದ ಕಿಡ್ನಿಗಿಂತ ಎದ್ದು ಕಾಣುವಷ್ಟು ಬೆಳ್ಳಗೆ.

ಗ್ರೇಡ್ ಕೊಡೋದು ಈ ಬಿಳುಪಿನ ಮೇಲೇ. ಸ್ವಲ್ಪ ಬೆಳ್ಳಗಿದೆ, ಒಳಗಿನ ರಕ್ತನಾಳದ ಗೋಡೆಗಳು ಇನ್ನೂ ಸ್ಪಷ್ಟವಾಗಿ ಕಾಣುತ್ತಿವೆ ಅಂದರೆ ಗ್ರೇಡ್ 1. ನಾಳದ ಗೋಡೆಗಳು ಮಸುಕಾದರೆ ಗ್ರೇಡ್ 2. ಶಬ್ದ ಒಳಗೆ ಹೋಗುತ್ತಾ ಎಷ್ಟು ಕುಗ್ಗುತ್ತದೆ ಅಂದರೆ ಲಿವರ್ ಹಿಂದಿನ ವಪೆಯ ಗೆರೆಯೇ ಸರಿಯಾಗಿ ಕಾಣದ ಹಾಗಾದರೆ ಗ್ರೇಡ್ 3. ಇದು ಕಣ್ಣಳತೆ. ಯಂತ್ರದ ಸೆಟ್ಟಿಂಗ್ ಸ್ವಲ್ಪ ಬದಲಾದರೆ, ನೋಡುವವರು ಬೇರೆಯಾದರೆ, ಗ್ರೇಡ್ 1 ಗ್ರೇಡ್ 2 ಆಗಬಹುದು. ಲಿವರ್‌ನ ಕೋಶಗಳಲ್ಲಿ ಸುಮಾರು ಶೇ 20ರಿಂದ 30ರಷ್ಟರಲ್ಲಿ ಕೊಬ್ಬು ತುಂಬುವವರೆಗೆ ಅಲ್ಟ್ರಾಸೌಂಡ್‌ಗೆ ಅದು ಅಷ್ಟಾಗಿ ಕಾಣುವುದೂ ಇಲ್ಲ.

ಕಲೆಯ ಕಥೆ ಇನ್ನೂ ಕಷ್ಟ. ಫೈಬ್ರೋಸಿಸ್‌ನ ಎಳೆಗಳು ಅತಿ ಸೂಕ್ಷ್ಮ. ಎಫ್1, ಎಫ್2, ಎಷ್ಟೋ ಸಲ ಎಫ್3 ಕೂಡ ಸಾದಾ ಅಲ್ಟ್ರಾಸೌಂಡ್ ಚಿತ್ರದಲ್ಲಿ ಏನೂ ವ್ಯತ್ಯಾಸ ತೋರಿಸುವುದಿಲ್ಲ. ಲಿವರ್‌ನ ಅಂಚು ಗಂಟುಗಂಟಾದಾಗ, ಗುಲ್ಮ ದೊಡ್ಡದಾದಾಗ, ಹೊಟ್ಟೆಯಲ್ಲಿ ನೀರು ತುಂಬಿದಾಗ ಅಲ್ಟ್ರಾಸೌಂಡ್ ಸಿರೋಸಿಸ್ ಅಂತ ಹೇಳುತ್ತದೆ. ಆಗ ತಡವಾಗಿರುತ್ತದೆ ಅಲ್ವಾ? 'ಅಲ್ಟ್ರಾಸೌಂಡ್ ನಾರ್ಮಲ್' ಅನ್ನೋ ಮಾತನ್ನು 'ಫೈಬ್ರೋಸಿಸ್ ಇಲ್ಲ' ಅಂತ ಓದಬಾರದು ಅನ್ನೋದು ಇದಕ್ಕೇ.

ಎಲಾಸ್ಟೋಗ್ರಫಿ ಯಂತ್ರ ಲಿವರ್ ಗಟ್ಟಿಯಾಗಿದೆ ಅಂತ ಹೇಗೆ ಕಂಡುಹಿಡಿಯುತ್ತೆ? ಅದೂ ಚಿತ್ರ ತೆಗೆಯುತ್ತಾ?

ಚಿತ್ರ ಅದರ ಕೆಲಸ ಅಲ್ಲ. ಅದು ಒಂದು ಅಲೆಯ ವೇಗ ಅಳೆಯುತ್ತದೆ. ಪ್ರೋಬ್‌ನ ತುದಿ ಪಕ್ಕೆಲುಬುಗಳ ನಡುವೆ ಚರ್ಮದ ಮೇಲೆ ಒಂದು ಸಣ್ಣ ತಟ್ಟು ಕೊಡುತ್ತದೆ, ಬೆರಳಲ್ಲಿ ತಟ್ಟಿದ ಹಾಗೆ. ಆ ತಟ್ಟಿನಿಂದ 50 ಹರ್ಟ್ಸ್‌ನ ಒಂದು ನಡುಕ ಲಿವರ್ ಒಳಗೆ ಹರಿಯುತ್ತದೆ. ಅದೇ ಪ್ರೋಬ್‌ನಲ್ಲಿರುವ ಅಲ್ಟ್ರಾಸೌಂಡ್ ಆ ನಡುಕವನ್ನು ಹಿಂಬಾಲಿಸಿ, ಅದು ಎಷ್ಟು ಬೇಗ ಓಡುತ್ತಿದೆ ಅಂತ ನೋಡುತ್ತದೆ.

ಮೆತ್ತಗಿನ ವಸ್ತುವಿನಲ್ಲಿ ನಡುಕ ನಿಧಾನ, ಗಟ್ಟಿ ವಸ್ತುವಿನಲ್ಲಿ ಜೋರು. ವೇಗದಿಂದ ಗಡಸುತನ ತೆಗೆಯುವ ಲೆಕ್ಕ ಸುಲಭ: ವೇಗವನ್ನು ಅದರಿಂದಲೇ ಗುಣಿಸಿ, ಆಮೇಲೆ ಮೂರರಿಂದ ಗುಣಿಸಿ. ಸೆಕೆಂಡಿಗೆ 1 ಮೀಟರ್ ಓಡಿದರೆ 3 ಕಿಲೋಪ್ಯಾಸ್ಕಲ್. 2 ಮೀಟರ್ ಓಡಿದರೆ 6 ಅಲ್ಲ, 12. ವೇಗ ಎರಡು ಪಟ್ಟಾದರೆ ಗಡಸುತನ ನಾಲ್ಕು ಪಟ್ಟು. ರಿಪೋರ್ಟ್‌ನಲ್ಲಿ `kPa` ಅಂತ ಇರೋದು ಈ ಕಿಲೋಪ್ಯಾಸ್ಕಲ್.

ಅಳೆಯುವ ಜಾಗ ಸುಮಾರು 1 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ಉದ್ದದ ಒಂದು ತುಂಡು. ಬಯಾಪ್ಸಿ ಸೂಜಿಯಲ್ಲಿ ಬರುವ ಎಳೆಗಿಂತ ಇದು ನೂರು ಪಟ್ಟಾದರೂ ದೊಡ್ಡದು.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ, ಮುಂದಿನ ಉತ್ತರಗಳೆಲ್ಲ ಇದರ ಮೇಲೇ ನಿಂತಿವೆ. ಯಂತ್ರ ಅಳೆಯೋದು ಗಡಸುತನವನ್ನು. ಕಲೆಯನ್ನು ಅಲ್ಲ. ಕಲೆ ಇದ್ದರೆ ಲಿವರ್ ಗಟ್ಟಿಯಾಗುತ್ತದೆ ನಿಜ, ಆದರೆ ಲಿವರ್ ಗಟ್ಟಿಯಾಗಲು ಬೇರೆ ಕಾರಣಗಳೂ ಇವೆ.

ಎಫ್0ರಿಂದ ಎಫ್4ರವರೆಗೆ ಏನರ್ಥ?

ಈ ಹಂತಗಳು ಹುಟ್ಟಿದ್ದು ಎಲಾಸ್ಟೋಗ್ರಫಿಯಲ್ಲಿ ಅಲ್ಲ. ಬಯಾಪ್ಸಿ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರು ಮಾಡಿಕೊಂಡ ಹಂತಗಳು ಇವು. ಹೆಪಟೈಟಿಸ್ ರೋಗಿಗಳಲ್ಲಿ ಬಳಕೆಗೆ ಬಂದ ಮೆಟಾವಿರ್ ಅನ್ನೋ ಪದ್ಧತಿ ಹೀಗೆ ಹೇಳುತ್ತದೆ. ಎಫ್0 ಅಂದರೆ ಕಲೆ ಇಲ್ಲ. ಎಫ್1ರಲ್ಲಿ ರಕ್ತನಾಳ ಒಳಬರುವ ಜಾಗಗಳ ಸುತ್ತ ಮಾತ್ರ ಕಲೆ. ಎಫ್2ರಲ್ಲಿ ಅಲ್ಲಿಂದ ಕೆಲವು ಎಳೆಗಳು ಹೊರಗೆ ಚಾಚಿರುತ್ತವೆ. ಎಫ್3ರಲ್ಲಿ ಅಂಥ ಎಳೆಗಳು ತುಂಬ ಆಗಿ ಒಂದು ಜಾಗದಿಂದ ಇನ್ನೊಂದಕ್ಕೆ ಸೇತುವೆ ಕಟ್ಟಿರುತ್ತವೆ. ಎಫ್4ರಲ್ಲಿ ಎಳೆಗಳು ಸುತ್ತ ಬೆಳೆದು ಲಿವರ್‌ನ ತುಣುಕುಗಳನ್ನೇ ಗಂಟುಗಳಾಗಿ ಬೇರೆ ಮಾಡಿಬಿಟ್ಟಿರುತ್ತವೆ. ಅದೇ ಸಿರೋಸಿಸ್. ಫ್ಯಾಟಿ ಲಿವರ್‌ನಲ್ಲಿ ಕಲೆ ಶುರುವಾಗುವ ಜಾಗ ಸ್ವಲ್ಪ ಬೇರೆ, ಆದರೆ ಎಫ್3 ಅಂದರೆ ಸೇತುವೆ, ಎಫ್4 ಅಂದರೆ ಸಿರೋಸಿಸ್ ಅನ್ನೋದು ಅಲ್ಲೂ ಹಾಗೇ.

ನಿಮ್ಮ ಎಲಾಸ್ಟೋಗ್ರಫಿ ರಿಪೋರ್ಟ್‌ನಲ್ಲಿ 'ಎಫ್2' ಅಂತಿದ್ದರೆ ಯಾರೂ ನಿಮ್ಮ ಲಿವರ್ ಒಳಗೆ ಎಳೆಗಳನ್ನು ನೋಡಿಲ್ಲ. 'ಇಷ್ಟು ಗಡಸುತನ ಇರುವವರ ಬಯಾಪ್ಸಿ ಮಾಡಿದಾಗ ಹೆಚ್ಚಾಗಿ ಎಫ್2 ಸಿಕ್ಕಿದೆ' ಅಂತ ಅದರ ಅರ್ಥ.

ಹಾಗಾದರೆ ಎಷ್ಟು ಕಿಲೋಪ್ಯಾಸ್ಕಲ್‌ಗೆ ಯಾವ ಎಫ್? ಒಂದೊಂದು ಕಡೆ ಒಂದೊಂದು ಪಟ್ಟಿ ಇದೆ.

ಇದೆ, ಯಾಕೆಂದರೆ ಗಡಿಗಳು ಕಾಯಿಲೆಯ ಮೇಲೆ ಬದಲಾಗುತ್ತವೆ. ಹೆಪಟೈಟಿಸ್ ಸಿ ರೋಗಿಗಳಲ್ಲಿ ಹೆಸರಾದ ಗಡಿಗಳು ಎಫ್2ಕ್ಕೆ 7.1, ಎಫ್3ಕ್ಕೆ 9.5, ಎಫ್4ಕ್ಕೆ 12.5. ಫ್ಯಾಟಿ ಲಿವರ್‌ನವರ ಮೇಲೆ 2019ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ ಅದೇ ಮೂರು ಗಡಿಗಳು 8.2, 9.7, 13.6. ಹಾಗಾಗಿ 7.6 ಬಂದವರು ಒಂದು ಪಟ್ಟಿಯಲ್ಲಿ ಎಫ್2 ಆಗುತ್ತಾರೆ, ಇನ್ನೊಂದರಲ್ಲಿ ಆಗುವುದಿಲ್ಲ. ನಿಮ್ಮ ರಿಪೋರ್ಟ್‌ನಲ್ಲಿ ಎಫ್ ಹಾಕಿದವರು ಯಾವ ಕಾಯಿಲೆಯ ಪಟ್ಟಿ ಬಳಸಿದರು ಅಂತ ಕೇಳಿ. ಕೆಲವು ಕಡೆ ಕಾಯಿಲೆ ಯಾವುದೇ ಇರಲಿ, ಒಂದೇ ಪಟ್ಟಿ ಅಂಟಿಸಿಬಿಡುತ್ತಾರೆ.

ನನ್ನ ಅಭಿಪ್ರಾಯದಲ್ಲಿ ಎಫ್‌ಗಿಂತ ಸಂಖ್ಯೆಯನ್ನು ನೇರವಾಗಿ ಓದುವುದು ಒಳ್ಳೆಯದು. ಲಿವರ್ ತಜ್ಞರು ಈಗ 5ರ ಲೆಕ್ಕ ಇಟ್ಟುಕೊಳ್ಳುತ್ತಾರೆ. 5ಕ್ಕಿಂತ ಕಮ್ಮಿ ಅಂದರೆ ನಾರ್ಮಲ್ ಆಗಿರುವ ಸಾಧ್ಯತೆ ತುಂಬ ಜಾಸ್ತಿ. 10ಕ್ಕಿಂತ ಕಮ್ಮಿ, ಬೇರೆ ಲಕ್ಷಣ ಏನೂ ಇಲ್ಲ ಅಂದರೆ ಮುಂದುವರಿದ ಕಾಯಿಲೆ ಇರಲಿಕ್ಕಿಲ್ಲ. 10ರಿಂದ 15 ಅನುಮಾನದ ಜಾಗ, ಇನ್ನಷ್ಟು ಪರೀಕ್ಷೆ ಬೇಕು. 15 ದಾಟಿದರೆ ಮುಂದುವರಿದ ಕಾಯಿಲೆ ಇರುವ ಸಾಧ್ಯತೆ ಬಹಳ. 25 ಮುಟ್ಟಿದರೆ ಲಿವರ್‌ಗೆ ಬರುವ ದೊಡ್ಡ ರಕ್ತನಾಳದಲ್ಲಿ ಒತ್ತಡ ಏರಿರುವ ಸಾಧ್ಯತೆ ಜಾಸ್ತಿ. ಫ್ಯಾಟಿ ಲಿವರ್ ಇರುವವರಲ್ಲಿ ಇನ್ನೊಂದು ಸುಲಭದ ಗಡಿ ಇದೆ: 8ಕ್ಕಿಂತ ಕಮ್ಮಿ ಬಂದರೆ ಎಫ್3, ಎಫ್4 ಇರುವ ಸಾಧ್ಯತೆ ಬಹಳ ಕಮ್ಮಿ.

ಒಂದು ಮಾತು. ಈ ಪರೀಕ್ಷೆ 'ಸಿರೋಸಿಸ್ ಇಲ್ಲ' ಅಂತ ಹೇಳುವುದರಲ್ಲಿ ಗಟ್ಟಿಗ. 'ಇದು ಎಫ್1, ಇದು ಎಫ್2' ಅಂತ ಪಕ್ಕಪಕ್ಕದ ಹಂತಗಳನ್ನು ಬೇರೆ ಮಾಡುವುದರಲ್ಲಿ ಅಷ್ಟು ಗಟ್ಟಿಗ ಅಲ್ಲ. ಎಫ್1 ಬಂತು ಅಂತ ಹಿಗ್ಗುವುದು, ಎಫ್2 ಬಂತು ಅಂತ ಕುಗ್ಗುವುದು, ಎರಡಕ್ಕೂ ಇಲ್ಲಿ ಅಷ್ಟು ಆಧಾರ ಇಲ್ಲ.

ರಿಪೋರ್ಟ್‌ನಲ್ಲಿ ಮೊದಲು ಏನು ನೋಡಬೇಕು?

ಎಲ್ಲರೂ ದಪ್ಪ ಅಕ್ಷರದ ಸಂಖ್ಯೆ ನೋಡುತ್ತಾರೆ. ನಾನು ಮೊದಲು ನೋಡೋದು ಅದರ ಪಕ್ಕದ ಸಣ್ಣ ಸಂಖ್ಯೆ, `IQR/Med`.

ಯಂತ್ರ ಒಂದೇ ಸಲ ಅಳೆಯುವುದಿಲ್ಲ. ಕನಿಷ್ಠ 10 ಸರಿಯಾದ ಅಳತೆ ಬೇಕು. ಅವನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತೆಗೆದುಕೊಳ್ಳುತ್ತದೆ, ಅದೇ `Median`. ಒಬ್ಬರ 10 ಅಳತೆಗಳು ಹೀಗೆ ಬಂದವು ಅಂತಿಟ್ಟುಕೊಳ್ಳಿ: 6.3, 6.8, 7.0, 7.1, 7.3, 7.5, 7.8, 8.0, 8.2, 8.9. ನಡುವೆ 7.3 ಮತ್ತು 7.5 ಇವೆ, ಹಾಗಾಗಿ ಉತ್ತರ 7.4. ಈಗ ಈ ಅಳತೆಗಳು ಎಷ್ಟು ಚೆದುರಿವೆ ಅಂತ ನೋಡಬೇಕು. ಕೆಳಗಿನ ಅರ್ಧದ ನಡುವಿನದು 7.0, ಮೇಲಿನ ಅರ್ಧದ ನಡುವಿನದು 8.0, ವ್ಯತ್ಯಾಸ 1.0. ಅದನ್ನು 7.4ರಿಂದ ಭಾಗಿಸಿದರೆ ಸುಮಾರು ಶೇ 14.

ಇದು ಶೇ 30ರ ಒಳಗಿರಬೇಕು. ಒಳಗಿದ್ದರೆ ಹತ್ತು ಸಲವೂ ಯಂತ್ರ ಹೆಚ್ಚುಕಮ್ಮಿ ಒಂದೇ ಮಾತು ಹೇಳಿದೆ. ಹೊರಗಿದ್ದರೆ ಒಂದು ಸಲ 7 ಅಂದಿದೆ, ಇನ್ನೊಂದು ಸಲ 14 ಅಂದಿದೆ, ನಾವು ನಡುವಿನದನ್ನು ಹಿಡಿದುಕೊಂಡು ಕೂತಿದ್ದೇವೆ. ಸಂಖ್ಯೆ 7ರ ಸುತ್ತ ಅಥವಾ ಅದಕ್ಕಿಂತ ಕಮ್ಮಿ ಇದ್ದಾಗ ಈ ಚೆದುರುವಿಕೆಗೆ ಅಷ್ಟು ಬೆಲೆ ಇಲ್ಲ. ಸಂಖ್ಯೆ ಜಾಸ್ತಿ ಇದ್ದಾಗ ಮಾತ್ರ ಇದನ್ನು ನೋಡದೆ ಮುಂದೆ ಹೋಗಲೇಬಾರದು. ರಿಪೋರ್ಟ್‌ನಲ್ಲಿ ಈ ಸಂಖ್ಯೆಯೇ ಇಲ್ಲ ಅಂದರೆ ಕೇಳಿ ತೆಗೆದುಕೊಳ್ಳಿ. ಯಂತ್ರದಲ್ಲಿ ಅದು ಇದ್ದೇ ಇರುತ್ತದೆ.

ಆಮೇಲೆ ಪ್ರೋಬ್ ಯಾವುದು ಅಂತ ನೋಡಿ. `M` ಸಾಮಾನ್ಯ ಮೈಕಟ್ಟಿನವರಿಗೆ, `XL` ದಪ್ಪ ಇರುವವರಿಗೆ, `S` ಮಕ್ಕಳಿಗೆ. ಚರ್ಮದಿಂದ ಲಿವರ್‌ಗೆ ಇರುವ ದೂರ 25 ಮಿಲಿಮೀಟರ್ ದಾಟಿದರೆ `M` ಪ್ರೋಬ್ ಲಿವರ್‌ನ ಬದಲು ಮೇಲಿನ ಕೊಬ್ಬಿನ ಪದರವನ್ನೂ ಸೇರಿಸಿ ಅಳೆಯುತ್ತದೆ, ಸಂಖ್ಯೆ ಜಾಸ್ತಿ ಬರುತ್ತದೆ.

ಕಲೆ ಇಲ್ಲದೆಯೂ ಸಂಖ್ಯೆ ಜಾಸ್ತಿ ಬರುತ್ತಾ?

ಬರುತ್ತದೆ. ಇದೇ ಈ ಪರೀಕ್ಷೆಯ ದೊಡ್ಡ ಬಲೆ.

ಲಿವರ್ ಒಂದು ಬಿಗಿಯಾದ ಚೀಲದೊಳಗೆ ಕೂತಿರುವ ಅಂಗ. ಒಳಗೆ ರಕ್ತ, ನೀರು, ಪಿತ್ತ ಏನೇ ಜಾಸ್ತಿ ತುಂಬಿದರೂ ಚೀಲ ಬಿಗಿಯುತ್ತದೆ, ನಡುಕ ಜೋರಾಗಿ ಓಡುತ್ತದೆ. ಯಂತ್ರಕ್ಕೆ ಕಾರಣ ಗೊತ್ತಿಲ್ಲ, ಗಟ್ಟಿ ಅಂತ ಮಾತ್ರ ಗೊತ್ತು.

ಊಟ ಮಾಡಿ ಬಂದರೆ ಕರುಳಿನಿಂದ ಲಿವರ್‌ಗೆ ರಕ್ತ ಜಾಸ್ತಿ ಹರಿಯುತ್ತದೆ, ಸಂಖ್ಯೆ ಏರುತ್ತದೆ. ಅದಕ್ಕೇ ಕನಿಷ್ಠ 3 ಗಂಟೆ ಹೊಟ್ಟೆ ಖಾಲಿ ಇಟ್ಟುಕೊಂಡು ಬನ್ನಿ ಅನ್ನೋದು. ಜನ ಇದನ್ನು ಸುಮ್ನೆ ಒಂದು ಪದ್ಧತಿ ಅಂದುಕೊಂಡು ಬರುವ ದಾರಿಯಲ್ಲಿ ಏನಾದರೂ ತಿಂದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ತಿಂದಿದ್ದರೆ ನಾಚಿಕೆ ಇಲ್ಲದೆ ಹೇಳಿ, ಬೇರೆ ದಿನ ಮಾಡೋಣ.

ಲಿವರ್ ಊದಿಕೊಂಡಿದ್ದರೂ ಹಾಗೇ. ಹೊಸದಾಗಿ ಹೆಪಟೈಟಿಸ್ ಬಂದು ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎಎಲ್‌ಟಿ ನಾರ್ಮಲ್‌ಗಿಂತ 5 ಪಟ್ಟು ದಾಟಿದ್ದಾಗ, ಕಲೆ ಚೂರೂ ಇಲ್ಲದ ಲಿವರ್ ಸಿರೋಸಿಸ್ ಮಟ್ಟದ ಸಂಖ್ಯೆ ತೋರಿಸಬಹುದು. ಆಗ ಕಾಯಬೇಕು, ಊತ ಇಳಿದ ಮೇಲೆ ಅಳೆಯಬೇಕು. ಪಿತ್ತನಾಳ ಕಟ್ಟಿಕೊಂಡು ಕಾಮಾಲೆ ಬಂದಿದ್ದರೂ, ಹೃದಯ ಸರಿಯಾಗಿ ಪಂಪ್ ಮಾಡದೆ ರಕ್ತ ಲಿವರ್‌ನಲ್ಲಿ ನಿಂತಿದ್ದರೂ ಇದೇ ಆಗುತ್ತದೆ. ಬಿಡದೆ ಕುಡಿಯುತ್ತಿರುವವರಲ್ಲೂ ಸಂಖ್ಯೆ ಏರಿರುತ್ತದೆ, ಕುಡಿಯುವುದು ನಿಲ್ಲಿಸಿದ ಕೆಲವು ವಾರಗಳಲ್ಲಿ ಇಳಿಯುವುದೂ ಉಂಟು.

ಗಮನಿಸಿದಿರಾ, ಎಲ್ಲವೂ ಸಂಖ್ಯೆಯನ್ನು ಮೇಲಕ್ಕೇ ತಳ್ಳುತ್ತವೆ. ಹಾಗಾಗಿ ಸರಿಯಾಗಿ ಅಳೆದು ಕಮ್ಮಿ ಬಂದ ಸಂಖ್ಯೆಯನ್ನು ಹೆಚ್ಚು ನಂಬಬಹುದು, ಜಾಸ್ತಿ ಬಂದ ಸಂಖ್ಯೆಯನ್ನು ಒಂದು ಸಲ ಪ್ರಶ್ನಿಸಬೇಕು.

ಒಂದು ಉದಾಹರಣೆ ಪೂರ್ತಿ ಬಿಡಿಸಿ ಹೇಳ್ತೀರಾ?

ಹೇಳುತ್ತೇನೆ. ವಯಸ್ಸು 52, ಮೈ ದಪ್ಪ. ಅಲ್ಟ್ರಾಸೌಂಡ್‌ನಲ್ಲಿ ಗ್ರೇಡ್ 2 ಫ್ಯಾಟಿ ಲಿವರ್. ರಕ್ತದಲ್ಲಿ ಎಎಸ್‌ಟಿ 48, ಎಎಲ್‌ಟಿ 64, ಪ್ಲೇಟ್‌ಲೆಟ್ 2 ಲಕ್ಷ 10 ಸಾವಿರ.

ಎಲಾಸ್ಟೋಗ್ರಫಿಗೆ ಮೊದಲೇ ಕೈಯಲ್ಲಿರುವ ಈ ಸಂಖ್ಯೆಗಳಿಂದ ಕಲೆ ಎಷ್ಟಿರಬಹುದು ಅಂತ ಒಂದು ಅಂದಾಜಿನ ಲೆಕ್ಕ ಮಾಡಬಹುದು, ಅದರ ಹೆಸರು ಫಿಬ್-4. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಅದನ್ನು ಪ್ಲೇಟ್‌ಲೆಟ್ ಮತ್ತು ಎಎಲ್‌ಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಬೇಕು. ಪ್ಲೇಟ್‌ಲೆಟ್ ಅನ್ನು ಸಾವಿರಗಳಲ್ಲಿ ಹಾಕಬೇಕು, ಅಂದರೆ 210.

```
FIB-4 = (52 × 48) ÷ (210 × √64)
      = 2496 ÷ 1680
      = 1.49
```

1.3ಕ್ಕಿಂತ ಕಮ್ಮಿ ಬಂದಿದ್ದರೆ ಎಲಾಸ್ಟೋಗ್ರಫಿ ಸದ್ಯಕ್ಕೆ ಬೇಕಾಗುತ್ತಿರಲಿಲ್ಲ. 2.67 ದಾಟಿದ್ದರೆ ನೇರ ಲಿವರ್ ತಜ್ಞರ ಹತ್ತಿರ. ಇದು ನಡುವೆ ಇದೆ, ಹಾಗಾಗಿ ಎಲಾಸ್ಟೋಗ್ರಫಿ. (ವಯಸ್ಸು 65 ದಾಟಿದವರಿಗೆ ಕೆಳಗಿನ ಗಡಿ 2.0, ಯಾಕೆಂದರೆ ವಯಸ್ಸೇ ಈ ಲೆಕ್ಕವನ್ನು ಮೇಲಕ್ಕೆ ಎತ್ತುತ್ತದೆ.)

ಮೊದಲ ಸಲದ ರಿಪೋರ್ಟ್: 10.8 ಕಿಲೋಪ್ಯಾಸ್ಕಲ್, ಕೆಳಗೆ ದಪ್ಪ ಅಕ್ಷರದಲ್ಲಿ 'ಎಫ್3'. ಮನೆಯವರೆಲ್ಲ ಹೆದರಿದರು, ಸಹಜ. ಆದರೆ ಸಣ್ಣ ಅಕ್ಷರ ನೋಡಿ. ಚೆದುರುವಿಕೆ 4.1, ಅಂದರೆ ಶೇ 38. ಪ್ರೋಬ್ `M`. ಕೇಳಿದಾಗ ತಿಳಿದದ್ದು, ತಿಂಡಿ ತಿಂದು ಒಂದು ಗಂಟೆಯೂ ಆಗಿರಲಿಲ್ಲ. ಮೂರು ತೊಂದರೆ ಒಟ್ಟಿಗೆ, ಮೂರೂ ಸಂಖ್ಯೆಯನ್ನು ಕೆಡಿಸುವಂಥವೇ. ಈ 10.8 ಅನ್ನು ಬದಿಗಿಡಬೇಕು.

ಮೂರು ವಾರ ಬಿಟ್ಟು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, `XL` ಪ್ರೋಬ್‌ನಲ್ಲಿ ಮತ್ತೆ ಅಳೆದದ್ದೇ ಮೇಲೆ ಬಿಡಿಸಿ ಹೇಳಿದ ಆ ಹತ್ತು ಅಳತೆಗಳು. 7.4, ಚೆದುರುವಿಕೆ ಶೇ 14. ಫ್ಯಾಟಿ ಲಿವರ್‌ಗೆ 8ರ ಗಡಿಯ ಕೆಳಗೆ. ಮುಂದುವರಿದ ಫೈಬ್ರೋಸಿಸ್ ಇರುವ ಸಾಧ್ಯತೆ ಬಹಳ ಕಮ್ಮಿ.

ಮೂರು ವಾರದಲ್ಲಿ ಕಲೆ ಕರಗಿತಾ? ಇಲ್ಲ. ಕಲೆ ಅಷ್ಟು ಬೇಗ ಕರಗುವುದಿಲ್ಲ. ಮೊದಲನೆಯದು ಸರಿಯಾದ ಅಳತೆಯೇ ಆಗಿರಲಿಲ್ಲ. ಹಾಗಂತ ಇವರ ಲಿವರ್ ಚೆನ್ನಾಗಿದೆ ಅಂತಲೂ ಅಲ್ಲ, 7.4 ಅಂದರೆ 5ಕ್ಕಿಂತ ಮೇಲೇ, ಕೊಬ್ಬು ಹಾಗೇ ಇದೆ, ಎಎಲ್‌ಟಿ ಇನ್ನೂ ಜಾಸ್ತಿ ಇದೆ. ತೂಕ, ಸಕ್ಕರೆ ಕಾಯಿಲೆ, ಕುಡಿತ ಇವುಗಳ ಕಡೆ ನೋಡಿಕೊಂಡು ಒಂದೆರಡು ವರ್ಷದಲ್ಲಿ ಮತ್ತೆ ಅಳೆಯಬೇಕು.

ರಿಪೋರ್ಟ್‌ನಲ್ಲಿ `CAP` ಅಂತ ಇನ್ನೊಂದು ಸಂಖ್ಯೆ ಇದೆ, 318. ಅದು ಜಾಸ್ತಿನಾ?

ಅದು ಕೊಬ್ಬಿನ ಅಳತೆ, 100ರಿಂದ 400ರವರೆಗೆ ಬರುತ್ತದೆ. ಕೊಬ್ಬು ಇದ್ದರೆ ಶಬ್ದ ಬೇಗ ಕುಗ್ಗುತ್ತದೆ ಅಂತ ಅಲ್ಟ್ರಾಸೌಂಡ್ ವಿಷಯದಲ್ಲಿ ಹೇಳಿದೆನಲ್ಲ, ಅದನ್ನೇ ಇಲ್ಲಿ ಕಣ್ಣಳತೆ ಬಿಟ್ಟು ಸಂಖ್ಯೆಯಲ್ಲಿ ಹೇಳುತ್ತಾರೆ. ಸುಮಾರು 250ರ ಮೇಲೆ ಹೋದರೆ ಕೊಬ್ಬು ಇದೆ ಅಂತ ಸಾಮಾನ್ಯವಾಗಿ ಹಿಡಿಯುತ್ತಾರೆ, 318 ಅಂದರೆ ಖಂಡಿತ ಇದೆ. ಇದರ ಹಂತಗಳಿಗೆ 'ಎಸ್' ಅಂತ ಹಾಕುತ್ತಾರೆ: ಎಸ್1, ಎಸ್2, ಎಸ್3. ಎಸ್3 ನೋಡಿ ಎಫ್3 ಅಂತ ಓದಿಕೊಂಡು ಅತ್ತವರಿದ್ದಾರೆ, ಅಕ್ಷರ ಒಂದು ಸಲ ಸರಿಯಾಗಿ ನೋಡಿ.

ಇದು ಇಳಿದರೆ ಯಾವಾಗಲೂ ಒಳ್ಳೆಯದು ಅಂತಲೂ ಅಲ್ಲ. ಸಿರೋಸಿಸ್ ಮುಂದುವರಿದಂತೆ ಲಿವರ್‌ನ ಕೊಬ್ಬು ತಾನಾಗಿ ಕಮ್ಮಿಯಾಗುವುದುಂಟು. ಹಾಗಾಗಿ ಎರಡೂ ಸಂಖ್ಯೆಗಳನ್ನು ಒಟ್ಟಿಗೆ ಓದಬೇಕು.

ನನಗೆ ಅಲ್ಟ್ರಾಸೌಂಡ್ ಯಂತ್ರದಲ್ಲೇ ಎಲಾಸ್ಟೋಗ್ರಫಿ ಮಾಡಿದರು. ರಿಪೋರ್ಟ್‌ನಲ್ಲಿ `m/s` ಅಂತ ಇದೆ.

ಅದು ಇನ್ನೊಂದು ಬಗೆ, ಶಿಯರ್ ವೇವ್ ಎಲಾಸ್ಟೋಗ್ರಫಿ. ಅಲ್ಲಿ ತಟ್ಟು ಕೊಡೋದು ಪ್ರೋಬ್‌ನ ತುದಿ ಅಲ್ಲ, ಶಬ್ದದ ಒಂದು ಜೋರಾದ ತಳ್ಳು ಲಿವರ್ ಒಳಗೇ ನಡುಕ ಹುಟ್ಟಿಸುತ್ತದೆ. ಚಿತ್ರ ನೋಡುತ್ತಾ ಅಳೆಯುವುದರಿಂದ ದೊಡ್ಡ ರಕ್ತನಾಳಗಳನ್ನು ತಪ್ಪಿಸಿ ಜಾಗ ಆರಿಸಬಹುದು. ಹೊಟ್ಟೆಯಲ್ಲಿ ನೀರಿದ್ದಾಗ ಫೈಬ್ರೋಸ್ಕ್ಯಾನ್‌ನ ತಟ್ಟು ಆ ನೀರನ್ನು ದಾಟುವುದಿಲ್ಲ, ಇದರಲ್ಲಿ ಮಾತ್ರ ಅಳೆಯಲು ಸಾಧ್ಯ.

`m/s` ಅಂದರೆ ಆ ನಡುಕದ ವೇಗವನ್ನೇ ನೇರವಾಗಿ ಕೊಟ್ಟಿದ್ದಾರೆ. 1.3 ಅಂದರೆ ಸುಮಾರು 5 ಕಿಲೋಪ್ಯಾಸ್ಕಲ್, 1.7 ಅಂದರೆ ಸುಮಾರು 9, 2.1 ಅಂದರೆ ಸುಮಾರು 13. ಈ ಬಗೆಯ ಯಂತ್ರಗಳಿಗೆ ಗಡಿಗಳೂ ಇವೇ: 1.3ರ ಒಳಗೆ ಇದ್ದರೆ ನಾರ್ಮಲ್ ಇರುವ ಸಾಧ್ಯತೆ ಜಾಸ್ತಿ, 2.1ರ ಮೇಲೆ ಇದ್ದರೆ ಮುಂದುವರಿದ ಕಾಯಿಲೆ ಇರುವ ಸಾಧ್ಯತೆ ಜಾಸ್ತಿ. ಚೆದುರುವಿಕೆ ವೇಗದಲ್ಲಿ ಕೊಟ್ಟಿದ್ದರೆ ಶೇ 30 ಅಲ್ಲ, ಶೇ 15ರ ಒಳಗಿರಬೇಕು.

ಹೋದ ವರ್ಷ ಒಂದು ಯಂತ್ರ, ಈ ವರ್ಷ ಇನ್ನೊಂದು ಕಂಪನಿಯ ಯಂತ್ರ ಅಂತಾದರೆ ಎರಡು ಸಂಖ್ಯೆಗಳನ್ನು ಹೋಲಿಸಲು ಹೋಗಬೇಡಿ.

ಎಲಾಸ್ಟೋಗ್ರಫಿ ಇಷ್ಟು ಹೇಳುತ್ತೆ ಅಂದ್ರೆ ಇನ್ನು ಸಾದಾ ಅಲ್ಟ್ರಾಸೌಂಡ್ ಬೇಡ್ವಾ?

ಬೇಕು. ಫೈಬ್ರೋಸ್ಕ್ಯಾನ್ ಕುರುಡು ಯಂತ್ರ. ಲಿವರ್‌ನಲ್ಲಿ ಗಡ್ಡೆ ಇದ್ದರೆ ಅದಕ್ಕೆ ಕಾಣುವುದಿಲ್ಲ. ಪಿತ್ತಕೋಶದ ಕಲ್ಲು, ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ, ಗುಲ್ಮದ ಗಾತ್ರ ಯಾವುದೂ ಕಾಣುವುದಿಲ್ಲ. ಸಿರೋಸಿಸ್ ಇದೆ ಅಂತಾದವರಿಗೆ ಲಿವರ್ ಕ್ಯಾನ್ಸರ್ ಬೇಗ ಹಿಡಿಯಲು 6 ತಿಂಗಳಿಗೊಮ್ಮೆ ಮಾಡಿಸಬೇಕಾದ್ದು ಸಾದಾ ಅಲ್ಟ್ರಾಸೌಂಡನ್ನೇ. 'ಫೈಬ್ರೋಸ್ಕ್ಯಾನ್ ಸಂಖ್ಯೆ ಇಳಿದಿದೆ, ಸಾಕು' ಅಂತ ಆ ಸ್ಕ್ಯಾನ್ ಬಿಟ್ಟುಬಿಡುವುದು ಅಪಾಯ.

ನೋವಾಗುತ್ತಾ? ಯಾರಿಗೆ ಮಾಡಲ್ಲ?

ನೋವಿಲ್ಲ. ಅಂಗಾತ ಮಲಗಿ ಬಲಗೈ ತಲೆಯ ಹಿಂದೆ ಇಟ್ಟುಕೊಳ್ಳಬೇಕು, 5ರಿಂದ 10 ನಿಮಿಷ. ಗರ್ಭಿಣಿಯರಿದ್ದರೆ, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ.

ಹೋದ ವರ್ಷ 9.1 ಇತ್ತು, ಈಗ 7.9. ಕಮ್ಮಿ ಆಗಿದೆ ಅಲ್ವಾ?

ಹಾಗೆ ಹೇಳಲು ಆಗುವುದಿಲ್ಲ. ವ್ಯತ್ಯಾಸ 1.2, ಹಳೆಯ ಸಂಖ್ಯೆಯ ಶೇ 13. ಒಬ್ಬರನ್ನೇ ಅದೇ ವಾರ ಎರಡು ಸಲ ಅಳೆದರೂ ಇಷ್ಟು ವ್ಯತ್ಯಾಸ ಬರಬಹುದು. ಶೇ 20–30ರಷ್ಟಾದರೂ ಬದಲಾದರೆ, ಅದೂ ಅದೇ ಯಂತ್ರ, ಅದೇ ಪ್ರೋಬ್, ಖಾಲಿ ಹೊಟ್ಟೆ ಇದ್ದು ಬದಲಾದರೆ, ಆಗ ಅದಕ್ಕೆ ಅರ್ಥ ಇದೆ. ಆಗಲೂ ಏನು ಇಳಿದಿದೆ ಅಂತ ಕೇಳಬೇಕು. ಹೆಪಟೈಟಿಸ್ ಸಿ ಔಷಧಿ ಮುಗಿಸಿದವರಲ್ಲಿ ಕೆಲವು ತಿಂಗಳಲ್ಲೇ ಸಂಖ್ಯೆ ಇಳಿಯುತ್ತದೆ, ಅದರಲ್ಲಿ ದೊಡ್ಡ ಪಾಲು ಊತ ಇಳಿದದ್ದು. ಕಲೆ ನಿಧಾನಕ್ಕೆ ಹಿಂದೆ ಸರಿಯುತ್ತದೆ, ಅದಕ್ಕೆ ವರ್ಷಗಳು ಬೇಕು. ಹಾಗಾಗಿ ಔಷಧಿಗೆ ಮೊದಲು ಸಿರೋಸಿಸ್ ಇದ್ದವರು ಸಂಖ್ಯೆ ಇಳಿದರೂ ಆ 6 ತಿಂಗಳ ಅಲ್ಟ್ರಾಸೌಂಡ್ ಮುಂದುವರಿಸಬೇಕು.

ಇಷ್ಟೆಲ್ಲ ಆದ ಮೇಲೂ ಬಯಾಪ್ಸಿ ಬೇಕಾಗುತ್ತಾ?

ಬಹಳ ಜನರಿಗೆ ಬೇಕಾಗುವುದಿಲ್ಲ. ಫಿಬ್-4 ಒಂದು ಹೇಳಿ, ಎಲಾಸ್ಟೋಗ್ರಫಿ ಅದರ ವಿರುದ್ಧ ಹೇಳಿದಾಗ, ಅಥವಾ ಕಾಯಿಲೆ ಯಾವುದು ಅಂತಲೇ ಗೊತ್ತಾಗದೆ ಇದ್ದಾಗ ಡಾಕ್ಟರ್ ಬಯಾಪ್ಸಿ ಕೇಳುತ್ತಾರೆ. ಯಾಕೆ ಲಿವರ್ ಹಾಳಾಗುತ್ತಿದೆ ಅನ್ನೋ ಪ್ರಶ್ನೆಗೆ ಗಡಸುತನದ ಸಂಖ್ಯೆಯಲ್ಲಿ ಉತ್ತರ ಇಲ್ಲ. ಆದರೆ ಬಯಾಪ್ಸಿಯೂ ಪೂರ್ತಿ ಲಿವರ್ ನೋಡುವುದಿಲ್ಲ, ಆ ಎಳೆ ಲಿವರ್‌ನ ಸುಮಾರು 50,000ದಲ್ಲಿ ಒಂದು ಪಾಲು. ಕಲೆ ಲಿವರ್ ತುಂಬ ಒಂದೇ ಸಮ ಹರಡಿರುವುದಿಲ್ಲ, ಸೂಜಿ ಚುಚ್ಚಿದ ಜಾಗ ಬದಲಾದರೆ ಒಂದು ಹಂತ ಹೆಚ್ಚುಕಮ್ಮಿ ಆಗಬಹುದು. ಡಾಕ್ಟರ್ ಬಯಾಪ್ಸಿ ಮಾತು ಎತ್ತಿದರೆ, ಮೊದಲು ನಿಮ್ಮ ಎಲಾಸ್ಟೋಗ್ರಫಿ ಖಾಲಿ ಹೊಟ್ಟೆಯಲ್ಲಿ, ಸರಿಯಾದ ಪ್ರೋಬ್‌ನಲ್ಲಿ, ಚೆದುರುವಿಕೆ ಶೇ 30ರ ಒಳಗೆ ಆಗಿತ್ತಾ ಅಂತ ಅವರೊಂದಿಗೆ ಕೂತು ನೋಡಿ. ಆಗಿರದಿದ್ದರೆ ಸೂಜಿಗೆ ಮೊದಲು ಇನ್ನೊಂದು ಸಲ ಅಳೆಸಬಹುದಾ ಅಂತ ಕೇಳಿ.